ಅರವತ್ನಾಲ್ಕು ನಗರ, ಇಪ್ಪತ್ನಾಲ್ಕು ಚೀಟಿ

1920ರ ಜನಗಣತಿಯ ಪ್ರಕಾರ ಅಮೆರಿಕದ ದೊಡ್ಡ ನಗರಗಳನ್ನು ಒಂದರ ಕೆಳಗೊಂದು ಬರೆದರೆ ಮೊದಲು ಬರುವವು ನ್ಯೂಯಾರ್ಕ್, ಷಿಕಾಗೊ, ಫಿಲಡೆಲ್ಫಿಯಾ ಮತ್ತು ಡೆಟ್ರಾಯಿಟ್. ಈ ನಾಲ್ಕನ್ನು ಬದಿಗಿಟ್ಟು, ಐದನೆಯ ಕ್ಲೀವ್‌ಲ್ಯಾಂಡ್‌ನಿಂದ ಅರವತ್ತೆಂಟನೆಯ ನಗರದವರೆಗೆ ಎಣಿಸಿದರೆ 64 ನಗರಗಳಾಗುತ್ತವೆ. ಹತ್ತು ವರ್ಷ ಕಳೆದ ಮೇಲೆ, ಅಂದರೆ 1930ರಲ್ಲಿ, ಈ 64 ನಗರಗಳ ಸರಾಸರಿ ಜನಸಂಖ್ಯೆ ಎಷ್ಟಾಗಿದೆ ಎಂದು ತಿಳಿಯಬೇಕು. ಆದರೆ ಹಣ, ಸಮಯ, ಜನ ಎಲ್ಲವೂ ಸೇರಿ 24 ನಗರಗಳಿಗೆ ಮಾತ್ರ ಸಾಲುತ್ತವೆ. ಯಾವ 24 ನಗರಗಳಿಗೆ ಹೋಗಬೇಕು?

ಈ ಪ್ರಶ್ನೆಯನ್ನು ಹೀಗೆ ಮುಂದಿಟ್ಟವರು ಸ್ಕಾಟ್ಲೆಂಡ್ ಮೂಲದ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಗೆಮೆಲ್ ಕಾಕ್ರನ್. ಮೂರು ಆವೃತ್ತಿಗಳನ್ನು ಕಂಡ ಅವರ ‘ಸ್ಯಾಂಪ್ಲಿಂಗ್ ಟೆಕ್ನಿಕ್ಸ್’ ಪುಸ್ತಕ ಮಾದರಿ ಸಮೀಕ್ಷೆ ಕಲಿಯುವವರಿಗೆ ಇಂದಿಗೂ ಪಠ್ಯ. ಅದರಲ್ಲಿ ಅವರು ಈ ನಗರಗಳ ಒಟ್ಟು ಜನಸಂಖ್ಯೆಯ ಅಂದಾಜಿಗೆ ಲೆಕ್ಕ ಹಾಕಿ ತೋರಿಸಿದ್ದಾರೆ. ಅದೇ ಅಂಕಿಗಳಿಂದ ಸರಾಸರಿಯ ಲೆಕ್ಕವನ್ನೂ ಮಾಡಬಹುದು. ಈ ಉದಾಹರಣೆಯಲ್ಲಿ ಒಂದು ಅನುಕೂಲವಿದೆ. 64 ನಗರಗಳ ನಿಜವಾದ ಜನಸಂಖ್ಯೆ ಜನಗಣತಿಯಿಂದ ಮೊದಲೇ ಗೊತ್ತಿದೆ. ಹಾಗಾಗಿ ಮಾದರಿಯನ್ನು ಯಾವ ರೀತಿಯಲ್ಲಿ ಆರಿಸಿದರೆ ಎಷ್ಟು ತಪ್ಪಾಗಬಹುದು ಎಂಬುದನ್ನು ಊಹೆಯಿಲ್ಲದೆ, ಅಂಕಿಗಳಲ್ಲೇ ಅಳೆದು ನೋಡಬಹುದು.

ಉತ್ತರವನ್ನು ಮೊದಲೇ ಹೇಳಿಬಿಡಬಹುದು. 64 ನಗರಗಳ ಒಟ್ಟು ಜನಸಂಖ್ಯೆ 1930ರಲ್ಲಿ 1 ಕೋಟಿ 95 ಲಕ್ಷ 68 ಸಾವಿರ. ಅದನ್ನು 64ರಿಂದ ಭಾಗಿಸಿದರೆ ಸರಾಸರಿ 3 ಲಕ್ಷ 5 ಸಾವಿರದ 750. ಇಲ್ಲಿಂದ ಮುಂದೆ ಬರುವ ಲೆಕ್ಕವೆಲ್ಲ ಒಂದೇ ವಿಷಯದ ಮೇಲೆ ನಿಂತಿದೆ: 24 ನಗರಗಳನ್ನು ನೋಡಿ ಹೇಳುವ ಸರಾಸರಿ ಈ ನಿಜವಾದ ಸರಾಸರಿಯಿಂದ ಎಷ್ಟು ದೂರ ಹೋಗಬಹುದು?

ಎಲ್ಲ ಚೀಟಿ ಒಂದೇ ಡಬ್ಬಿಯಲ್ಲಿ

ಎಲ್ಲರಿಗೂ ಮೊದಲು ಹೊಳೆಯುವ ದಾರಿ ಚೀಟಿ ಎತ್ತುವುದು. 64 ನಗರಗಳ ಹೆಸರು ಬರೆದು, ಡಬ್ಬಿಗೆ ಹಾಕಿ, ಕಲಸಿ, 24 ಚೀಟಿ ತೆಗೆಯುವುದು. ಇದಕ್ಕೆ ಸರಳ ಯಾದೃಚ್ಛಿಕ ಮಾದರಿ ಎಂದು ಹೆಸರು. ಯಾವ ನಗರಕ್ಕೂ ಪಕ್ಷಪಾತವಿಲ್ಲ, ಎಲ್ಲಕ್ಕೂ ಸಮಾನ ಅವಕಾಶ. ಹೀಗೆ ಮತ್ತೆ ಮತ್ತೆ ಚೀಟಿ ಎತ್ತಿ ಪ್ರತಿ ಸಲವೂ ಸರಾಸರಿ ಬರೆದಿಟ್ಟರೆ, ಆ ಎಲ್ಲ ಸರಾಸರಿಗಳ ನಡುಮಧ್ಯ ನಿಜವಾದ 3,05,750ಕ್ಕೇ ಬಂದು ನಿಲ್ಲುತ್ತದೆ. ಅಷ್ಟರ ಮಟ್ಟಿಗೆ ಈ ವಿಧಾನ ಪ್ರಾಮಾಣಿಕ.

ಆದರೆ ಸಮೀಕ್ಷೆ ಮಾಡುವವರು ಚೀಟಿ ಎತ್ತುವುದು ಒಂದೇ ಸಲ. ಆ ಒಂದು ಸಲದ ಸರಾಸರಿ ನಿಜಕ್ಕೆ ಹತ್ತಿರವಿರುತ್ತದೆಯೋ ದೂರವೋ ಎಂಬುದು, ಒಂದು ಮಾದರಿಯಿಂದ ಇನ್ನೊಂದಕ್ಕೆ ಸರಾಸರಿ ಎಷ್ಟು ಏರಿಳಿಯುತ್ತದೆ ಎಂಬುದರ ಮೇಲೆ ನಿಂತಿದೆ. ಈ ಏರಿಳಿತದ ಅಳತೆಯೇ ಸರಾಸರಿಯ ವೇರಿಯನ್ಸ್. ಪ್ರತಿ ಮಾದರಿಯ ಸರಾಸರಿ ನಿಜದಿಂದ ಎಷ್ಟು ದೂರವಿದೆ ನೋಡಿ, ಆ ದೂರವನ್ನು ವರ್ಗ ಮಾಡಿ, ಎಲ್ಲ ಮಾದರಿಗಳ ಮೇಲೆ ಸರಾಸರಿ ತೆಗೆದರೆ ಸಿಗುವುದು ಅದೇ. ಅದರ ವರ್ಗಮೂಲಕ್ಕೆ ಪ್ರಮಾಣಿತ ದೋಷ ಎನ್ನುತ್ತಾರೆ. ಅದು ಮತ್ತೆ ‘ಇಷ್ಟು ಸಾವಿರ ಜನ’ ಎಂಬ ಲೆಕ್ಕದಲ್ಲೇ ಇರುವುದರಿಂದ ಓದಲು ಸುಲಭ.

ಸುದೈವದಿಂದ ಇದಕ್ಕಾಗಿ ಕೋಟ್ಯಂತರ ಮಾದರಿಗಳನ್ನು ತೆಗೆಯಬೇಕಿಲ್ಲ. ಒಂದು ಸಣ್ಣ ಸೂತ್ರ ಸಾಕು:

V = (1 − n/N) × S²/n

ಇಲ್ಲಿ N ಅಂದರೆ ಒಟ್ಟು ನಗರಗಳು, 64. n ಅಂದರೆ ಆರಿಸಿದವು, 24. S² ಅಂದರೆ 64 ನಗರಗಳ ಜನಸಂಖ್ಯೆಗಳು ತಮ್ಮತಮ್ಮಲ್ಲಿ ಎಷ್ಟು ಭಿನ್ನವಾಗಿವೆ ಎಂಬ ಅಳತೆ. ಜನಸಂಖ್ಯೆಯನ್ನು ಸಾವಿರಗಳಲ್ಲಿ ಬರೆದುಕೊಂಡರೆ ಈ S² ಬರುವುದು 52,448. ಆವರಣದೊಳಗಿನ ಭಾಗ, 64ರಲ್ಲಿ 24 ನಗರಗಳನ್ನು ನೋಡಿಯೇ ಆಗಿದೆ, ಅನಿಶ್ಚಿತತೆ ಉಳಿದಿರುವುದು ಮಿಕ್ಕ 40ರದ್ದು ಎಂಬುದನ್ನು ಲೆಕ್ಕಕ್ಕೆ ತಂದುಕೊಳ್ಳುತ್ತದೆ. ಅದು 0.625. ಹಾಗಾಗಿ ವೇರಿಯನ್ಸ್ 0.625 × 52,448 ÷ 24, ಅಂದರೆ ಸುಮಾರು 1,366. ಪ್ರಮಾಣಿತ ದೋಷ ಸುಮಾರು 37 ಸಾವಿರ.

ಒಂದೇ ಡಬ್ಬಿಯಿಂದ ಚೀಟಿ ಎತ್ತಿದರೆ, ಮೂರು ಸಲಕ್ಕೆ ಎರಡು ಸಲ ಸರಾಸರಿ 2 ಲಕ್ಷ 69 ಸಾವಿರ ಮತ್ತು 3 ಲಕ್ಷ 43 ಸಾವಿರದ ನಡುವೆ ಬರುತ್ತದೆ ಎಂದು ನಿರೀಕ್ಷಿಸಬಹುದು. ಉಳಿದ ಒಂದು ಸಲ ಅದರಾಚೆಗೆ. 64ರಲ್ಲಿ 24 ನಗರಗಳನ್ನು, ಅಂದರೆ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚನ್ನು ನೋಡಿದ ಮೇಲೂ ಇಷ್ಟು ಅಗಲದ ಅನುಮಾನ ಉಳಿಯುತ್ತದೆ.

ಏರಿಳಿತ ಬರುವುದು ಎಲ್ಲಿಂದ?

ಕಾರಣ ನಗರಗಳ ಪಟ್ಟಿಯಲ್ಲೇ ಇದೆ. 1930ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 12 ಲಕ್ಷ 38 ಸಾವಿರ ಜನರಿದ್ದರು. ಕ್ಲೀವ್‌ಲ್ಯಾಂಡ್‌ನಲ್ಲಿ 9 ಲಕ್ಷ, ಸೇಂಟ್ ಲೂಯಿಸ್‌ನಲ್ಲಿ 8 ಲಕ್ಷ 22 ಸಾವಿರ. ಪಟ್ಟಿಯ ಕೆಳತುದಿಯಲ್ಲಿದ್ದ ಹಲವು ನಗರಗಳು ಒಂದು ಲಕ್ಷವನ್ನು ಆಗಷ್ಟೇ ದಾಟಿದ್ದವು. 24 ಚೀಟಿಗಳಲ್ಲಿ ಇಂಥ ದೊಡ್ಡ ನಗರಗಳು ಎಷ್ಟು ಬಿದ್ದವು ಎಂಬುದೇ ಸರಾಸರಿಯನ್ನು ಮೇಲಕ್ಕೋ ಕೆಳಕ್ಕೋ ಎಳೆಯುತ್ತದೆ.

ಇದನ್ನು ಅಂಕಿಗಳಲ್ಲಿ ನೋಡಲು 64 ನಗರಗಳನ್ನು ಎರಡು ಗುಂಪು ಮಾಡೋಣ. 1920ರ ಜನಗಣತಿಯಲ್ಲಿ ದೊಡ್ಡವಾಗಿದ್ದ ಮೊದಲ 16 ನಗರಗಳು ಒಂದು ಗುಂಪು, ಉಳಿದ 48 ಇನ್ನೊಂದು. ಸಂಖ್ಯಾಶಾಸ್ತ್ರದಲ್ಲಿ ಇಂಥ ಒಂದೊಂದು ಗುಂಪೂ ಒಂದು ಸ್ತರ. 1930ರಲ್ಲಿ ದೊಡ್ಡ ನಗರಗಳ ಸ್ತರದ ಸರಾಸರಿ 6 ಲಕ್ಷ 29 ಸಾವಿರ. ಸಣ್ಣ ನಗರಗಳ ಸ್ತರದ್ದು 1 ಲಕ್ಷ 98 ಸಾವಿರ. ಎರಡರ ನಡುವೆ ಮೂರು ಪಟ್ಟಿಗಿಂತ ಹೆಚ್ಚಿನ ಅಂತರ.

64ರಲ್ಲಿ ದೊಡ್ಡ ನಗರಗಳು ಕಾಲು ಭಾಗ. ಆದ್ದರಿಂದ 24 ಚೀಟಿಗಳಲ್ಲಿ ನ್ಯಾಯವಾಗಿ ಬರಬೇಕಾದದ್ದು 6. ಆದರೆ ಡಬ್ಬಿ ಆ ನ್ಯಾಯ ಪಾಲಿಸುವುದು ಕಡಿಮೆ. ಸರಿಯಾಗಿ 6 ಬರುವ ಸಂಭವ ನಾಲ್ಕರಲ್ಲಿ ಒಂದಕ್ಕಿಂತಲೂ ಕಡಿಮೆ. 3 ಬರಬಹುದು, 9 ಬರಬಹುದು. ಮೂರೇ ಬಂದ ಮಾದರಿಗಳಲ್ಲಿ ಸರಾಸರಿ 2 ಲಕ್ಷ 52 ಸಾವಿರದ ಸುತ್ತ ಇರುತ್ತದೆ. ಒಂಬತ್ತು ಬಂದರೆ 3 ಲಕ್ಷ 60 ಸಾವಿರದ ಸುತ್ತ. ನಗರಗಳನ್ನು ಎಣಿಸಿದವರು ಯಾವ ತಪ್ಪೂ ಮಾಡಿರುವುದಿಲ್ಲ. ಆದರೂ ಉತ್ತರದಲ್ಲಿ ಒಂದು ಲಕ್ಷದಷ್ಟು ವ್ಯತ್ಯಾಸ ಬಂದಿರುತ್ತದೆ.

ಹೀಗೆ ದೊಡ್ಡ ನಗರಗಳ ಸಂಖ್ಯೆ ಹೆಚ್ಚುಕಡಿಮೆಯಾಗುವುದರಿಂದಲೇ ಹುಟ್ಟುವ ವೇರಿಯನ್ಸ್ ಎಷ್ಟು ಎಂದು ಬೇರೆಯಾಗಿ ಲೆಕ್ಕ ಹಾಕಬಹುದು. ಅದು ಸುಮಾರು 924. ಒಟ್ಟು 1,366ರಲ್ಲಿ ಮೂರನೇ ಎರಡು ಪಾಲು! 1920ರ ಪಟ್ಟಿ ಕೈಯಲ್ಲಿರುವವರಿಗೆ ಯಾವ ನಗರ ದೊಡ್ಡದು, ಯಾವುದು ಚಿಕ್ಕದು ಎಂದು ಮೊದಲೇ ಗೊತ್ತು. ಗೊತ್ತಿದ್ದೂ ಅದನ್ನು ಬಳಸದೆ ಅದೃಷ್ಟಕ್ಕೆ ಬಿಟ್ಟದ್ದರ ಬೆಲೆ ಈ 924.

ಎರಡು ಡಬ್ಬಿ ಮಾಡಿದಾಗ

ಪರಿಹಾರ ಸರಳ. 16 ದೊಡ್ಡ ನಗರಗಳ ಚೀಟಿ ಒಂದು ಡಬ್ಬಿಗೆ, 48 ಸಣ್ಣ ನಗರಗಳ ಚೀಟಿ ಇನ್ನೊಂದಕ್ಕೆ. ಮೊದಲನೆಯದರಿಂದ 6, ಎರಡನೆಯದರಿಂದ 18 ಚೀಟಿ. ಒಟ್ಟು ಮತ್ತೆ 24. ಚೀಟಿಯ ಆಟ ಇಲ್ಲಿಯೂ ಇದೆ. ಆದರೆ ದೊಡ್ಡ ನಗರಗಳು ಎಷ್ಟು ಬರಬೇಕು ಎಂಬುದು ಈಗ ಅದೃಷ್ಟದ ಕೈಯಲ್ಲಿಲ್ಲ. ಪ್ರತಿ ಸ್ತರದಿಂದ ಅದರ ಗಾತ್ರಕ್ಕೆ ತಕ್ಕ ಪಾಲು ತೆಗೆಯುವುದರಿಂದ ಇದನ್ನು ಪ್ರಮಾಣಾನುಸಾರ ಹಂಚಿಕೆ ಎನ್ನುತ್ತಾರೆ.

ಈಗ ಪ್ರತಿ ಸ್ತರದ ಒಳಗಿನ ಭಿನ್ನತೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ದೊಡ್ಡ ನಗರಗಳೊಳಗಿನ S² 53,843. ಸಣ್ಣ ನಗರಗಳೊಳಗಿನದು ಕೇವಲ 5,581. ಸ್ತರದ ಪಾಲು W ಎಂದುಕೊಂಡರೆ ಮೊದಲನೆಯದರ ಪಾಲು ಕಾಲು, ಎರಡನೆಯದರದ್ದು ಮುಕ್ಕಾಲು. ಪ್ರಮಾಣಾನುಸಾರ ಹಂಚಿಕೆಯಲ್ಲಿ ಸೂತ್ರ ಹೀಗಿದೆ:

V = (1 − n/N) × (W₁S₁² + W₂S₂²)/n

ಮೇಲಿನ ಸೂತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಒಂದೇ. S² ಇದ್ದ ಜಾಗದಲ್ಲಿ ಸ್ತರಗಳೊಳಗಿನ S²ಗಳ ತೂಕದ ಸರಾಸರಿ ಬಂದು ಕೂತಿದೆ. 53,843ರ ಕಾಲು ಭಾಗ, 5,581ರ ಮುಕ್ಕಾಲು ಭಾಗ ಕೂಡಿದರೆ 17,647. ಅಂದರೆ 52,448 ಇದ್ದ ಕಡೆ ಈಗ 17,647. ಇದನ್ನು 0.625ರಿಂದ ಗುಣಿಸಿ 24ರಿಂದ ಭಾಗಿಸಿದರೆ ವೇರಿಯನ್ಸ್ ಸುಮಾರು 460. ಪ್ರಮಾಣಿತ ದೋಷ 21 ಸಾವಿರದ ಚಿಲ್ಲರೆ.

1,366 ಇದ್ದದ್ದು 460ಕ್ಕೆ ಇಳಿಯಿತು. ಅದೇ 24 ನಗರ, ಅಷ್ಟೇ ಖರ್ಚು, ಆದರೆ ವೇರಿಯನ್ಸ್ ಮೂರನೇ ಒಂದು ಪಾಲು. ಈ ಲಾಭವನ್ನು ಇನ್ನೊಂದು ರೀತಿಯಲ್ಲೂ ಹೇಳಬಹುದು. ಒಂದೇ ಡಬ್ಬಿಯಿಂದ ಚೀಟಿ ಎತ್ತಿಯೇ ಇಷ್ಟು ನಿಖರತೆ ಬೇಕೆಂದರೆ ಎಷ್ಟು ನಗರಗಳಿಗೆ ಹೋಗಬೇಕು? ಮೊದಲ ಸೂತ್ರದಲ್ಲಿ V ಜಾಗಕ್ಕೆ 460 ಇಟ್ಟು n ಕಂಡುಹಿಡಿದರೆ ಉತ್ತರ 41. ಎರಡು ಡಬ್ಬಿ ಮಾಡಿದ್ದರಿಂದ 17 ನಗರಗಳ ಎಣಿಕೆಯ ಕೆಲಸ ಉಳಿಯಿತು.

ಯಾವ ಡಬ್ಬಿಯಿಂದ ಎಷ್ಟು?

ಲಾಭ ಇಲ್ಲಿಗೇ ಮುಗಿಯುವುದಿಲ್ಲ. 460ನ್ನು ಬಿಡಿಸಿ ನೋಡಿದರೆ, ಅದರಲ್ಲಿ 351 ಬಂದಿರುವುದು ದೊಡ್ಡ ನಗರಗಳ ಸ್ತರದಿಂದ, 109 ಸಣ್ಣ ನಗರಗಳ ಸ್ತರದಿಂದ. ಕಾಲು ಭಾಗದ ಸ್ತರ ಮುಕ್ಕಾಲು ಪಾಲು ಅನಿಶ್ಚಿತತೆಯನ್ನು ಹೊತ್ತು ತಂದಿದೆ. ದೊಡ್ಡ ನಗರಗಳು ಒಂದರಿಂದೊಂದು ಬಹಳ ಭಿನ್ನ. ಆರನ್ನು ನೋಡಿ ಹದಿನಾರರ ಬಗ್ಗೆ ಹೇಳುವುದು ಕಷ್ಟ. ಸಣ್ಣ ನಗರಗಳು ಬಹುಮಟ್ಟಿಗೆ ಒಂದರಂತೆ ಇನ್ನೊಂದು. ಹದಿನೆಂಟು ಅಲ್ಲಿಗೆ ಹೆಚ್ಚೇ ಆಯಿತು.

ಭಿನ್ನತೆ ಹೆಚ್ಚಿರುವ ಕಡೆ ಹೆಚ್ಚು ಮಾದರಿ ತೆಗೆಯಬೇಕು ಎಂಬ ತತ್ವವನ್ನು ಪೋಲೆಂಡಿನ ಗಣಿತಜ್ಞ ಯೆರ್ಜಿ ನೇಮನ್ 1934ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಸೂತ್ರವಾಗಿ ಕೊಟ್ಟರು. ರಷ್ಯಾದ ಚುಪ್ರೋವ್ 1923ರಲ್ಲೇ ಇದೇ ಫಲಿತಾಂಶ ಪ್ರಕಟಿಸಿದ್ದರೂ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಆ ತತ್ವದ ಪ್ರಕಾರ ಪ್ರತಿ ಸ್ತರದ ನಗರಗಳ ಸಂಖ್ಯೆಯನ್ನು ಅದರೊಳಗಿನ ಪ್ರಮಾಣಿತ ವಿಚಲನೆಯಿಂದ, ಅಂದರೆ S²ನ ವರ್ಗಮೂಲದಿಂದ, ಗುಣಿಸಬೇಕು. ಬಂದ ಸಂಖ್ಯೆಗಳ ಅನುಪಾತದಲ್ಲಿ ಮಾದರಿ ಹಂಚಬೇಕು.

ಇಲ್ಲೊಂದು ತೊಡಕು ಎದುರಾಗುತ್ತದೆ. 1930ರ ಭಿನ್ನತೆ ಎಷ್ಟು ಎಂಬುದು 1930ರ ಎಣಿಕೆ ಆಗುವ ಮೊದಲು ಯಾರಿಗೂ ಗೊತ್ತಿರುವುದಿಲ್ಲ. ಕೈಯಲ್ಲಿರುವುದು 1920ರ ಅಂಕಿಗಳು. ಅವುಗಳಿಂದಲೇ ಲೆಕ್ಕ ಹಾಕಿದರೆ ದೊಡ್ಡ ನಗರಗಳ ಪ್ರಮಾಣಿತ ವಿಚಲನೆ 163 ಸಾವಿರ, ಸಣ್ಣ ನಗರಗಳದ್ದು 58.55 ಸಾವಿರ. 16ನ್ನು ಮೊದಲನೆಯದರಿಂದ, 48ನ್ನು ಎರಡನೆಯದರಿಂದ ಗುಣಿಸಿ 24ನ್ನು ಹಂಚಿದರೆ ಬರುವುದು 11.56 ಮತ್ತು 12.44. ಅಂದರೆ ಎರಡೂ ಡಬ್ಬಿಗಳಿಂದ ಹನ್ನೆರಡು ಹನ್ನೆರಡು ಚೀಟಿ.

ಈಗ 1930ರ ಅಂಕಿಗಳಲ್ಲಿ ಫಲಿತಾಂಶ ನೋಡಬೇಕು. ದೊಡ್ಡ ನಗರಗಳ ಸ್ತರದಿಂದ ಬರುತ್ತಿದ್ದ ವೇರಿಯನ್ಸ್ 351ರಿಂದ 70ಕ್ಕೆ ಕುಸಿಯಿತು. ಸಣ್ಣ ನಗರಗಳಿಂದ ಬರುವುದು 109ರಿಂದ 196ಕ್ಕೆ ಏರಿತು. ಒಂದು ಕಡೆ 280 ಉಳಿಯಿತು, ಇನ್ನೊಂದು ಕಡೆ 87 ಹೆಚ್ಚಾಯಿತು. ಒಟ್ಟು ವೇರಿಯನ್ಸ್ ಈಗ 266, ಪ್ರಮಾಣಿತ ದೋಷ 16 ಸಾವಿರ. ಸರಳ ಚೀಟಿಯ ಮಾದರಿಗೆ ಹೋಲಿಸಿದರೆ ಐದನೇ ಒಂದು ಪಾಲು. ಒಂದೇ ಡಬ್ಬಿಯಿಂದ ಇಷ್ಟು ನಿಖರತೆ ಬೇಕಿದ್ದರೆ 64ರಲ್ಲಿ 48ಕ್ಕೂ ಹೆಚ್ಚು ನಗರಗಳಿಗೆ ಹೋಗಬೇಕಾಗುತ್ತಿತ್ತು.

ಹಾಗಿದ್ದರೆ 16 ದೊಡ್ಡ ನಗರಗಳನ್ನೂ ಪೂರ್ತಿ ನೋಡಿಬಿಟ್ಟು, ಉಳಿದ 8 ಚೀಟಿಗಳನ್ನು ಮಾತ್ರ ಸಣ್ಣ ನಗರಗಳಿಗೆ ಬಿಟ್ಟರೆ? ಮೊದಲ ಸ್ತರದ ವೇರಿಯನ್ಸ್ ಸೊನ್ನೆಯಾಗುತ್ತದೆ. ಆದರೆ 48 ಸಣ್ಣ ನಗರಗಳ ಬಗ್ಗೆ ಎಂಟನ್ನೇ ನೋಡಿ ಹೇಳಬೇಕಾಗುವುದರಿಂದ ಆ ಒಂದು ಸ್ತರವೇ 327 ತರುತ್ತದೆ. ಇದು 460ಕ್ಕಿಂತ ಮೇಲು, 266ಕ್ಕಿಂತ ಕೆಳಗು. ದೊಡ್ಡದರ ಕಡೆಗೆ ಒಲವು ತೋರಬೇಕು ನಿಜ, ಆದರೆ ಅದಕ್ಕೊಂದು ಮಿತಿಯಿದೆ.

ಲಾಭ ನಷ್ಟವಾಗುವುದು ಹೇಗೆ?

ಸ್ತರ ಮಾಡಿದ ಮಾತ್ರಕ್ಕೆ ಲಾಭ ಖಚಿತ ಎಂದುಕೊಳ್ಳುವುದು ತಪ್ಪು. ಇದೇ 64 ನಗರಗಳು ಅದನ್ನೂ ತೋರಿಸುತ್ತವೆ.

ಮೊದಲನೆಯ ಅಪಾಯ ಕೆಟ್ಟ ಹಂಚಿಕೆ. ದೊಡ್ಡ ನಗರಗಳಲ್ಲಿ ಎಣಿಕೆ ಕಷ್ಟ, ಖರ್ಚು ಹೆಚ್ಚು ಎಂದು ಯಾರೋ ಅಲ್ಲಿಂದ 2 ಚೀಟಿ ಮಾತ್ರ ತೆಗೆದು, ಮಿಕ್ಕ 22ನ್ನು ಸಣ್ಣ ನಗರಗಳಿಗೆ ಕೊಟ್ಟರು ಎಂದುಕೊಳ್ಳೋಣ. ಆಗ ದೊಡ್ಡ ನಗರಗಳ ಸ್ತರವೊಂದೇ 1,472ರಷ್ಟು ವೇರಿಯನ್ಸ್ ತರುತ್ತದೆ. ಒಟ್ಟು 1,550. ಏನೂ ಯೋಚಿಸದೆ ಒಂದೇ ಡಬ್ಬಿಯಿಂದ ಚೀಟಿ ಎತ್ತಿದಾಗ ಬಂದ 1,366ಕ್ಕಿಂತಲೂ ಇದು ಹೆಚ್ಚು. ಎರಡು ಡಬ್ಬಿ ಮಾಡಿಯೂ ನಷ್ಟ. ಇದು ಮೊದಲೇ ಗೊತ್ತಾಗಬೇಕೆಂದರೆ ಪ್ರತಿ ಸ್ತರದಿಂದ ಎಷ್ಟು ವೇರಿಯನ್ಸ್ ಬರುತ್ತಿದೆ ಎಂದು ಬೇರೆಬೇರೆಯಾಗಿ ಬರೆದು ನೋಡಬೇಕು. ಹೆಚ್ಚುಕಡಿಮೆ ಎಲ್ಲವೂ ಒಂದೇ ಸ್ತರದಿಂದ ಬರುತ್ತಿದ್ದರೆ, ಅದನ್ನು ಕಡೆಗಣಿಸಲಾಗಿದೆ ಎಂದರ್ಥ.

ಎರಡನೆಯದು ಇದಕ್ಕಿಂತ ದೊಡ್ಡ ತಪ್ಪು, ಮತ್ತು ಅಷ್ಟೇ ಸುಲಭವಾಗಿ ಆಗುವಂಥದ್ದು. ಹನ್ನೆರಡು ಹನ್ನೆರಡು ನಗರಗಳ ಅಂಕಿ ಕೈಗೆ ಬಂದಾಗ, ಎಲ್ಲ 24ನ್ನೂ ಕೂಡಿ 24ರಿಂದ ಭಾಗಿಸಿಬಿಡುವುದು. ಹಾಗೆ ಮಾಡಿದರೆ ದೊಡ್ಡ ನಗರಗಳು ನಿಜವಾಗಿ ಕಾಲು ಭಾಗವಿದ್ದರೂ ಲೆಕ್ಕದಲ್ಲಿ ಅರ್ಧ ಭಾಗವಾಗುತ್ತವೆ. ಉತ್ತರ 4 ಲಕ್ಷ 14 ಸಾವಿರದ ಸುತ್ತ ಬರುತ್ತದೆ, ನಿಜಕ್ಕಿಂತ ಒಂದು ಲಕ್ಷ ಎಂಟು ಸಾವಿರ ಹೆಚ್ಚು. ಎಷ್ಟು ಸಲ ಚೀಟಿ ಎತ್ತಿದರೂ ಈ ತಪ್ಪು ಸರಿಹೋಗುವುದಿಲ್ಲ, ಏಕೆಂದರೆ ಇದು ಅದೃಷ್ಟದ ಏರಿಳಿತವಲ್ಲ. ಸರಿಯಾದ ಕ್ರಮದಲ್ಲಿ ಪ್ರತಿ ಸ್ತರದ ಸರಾಸರಿಯನ್ನು ಬೇರೆಯಾಗಿ ತೆಗೆದು, ದೊಡ್ಡ ನಗರಗಳ ಸರಾಸರಿಯನ್ನು ಕಾಲರಿಂದ, ಸಣ್ಣವುಗಳ ಸರಾಸರಿಯನ್ನು ಮುಕ್ಕಾಲರಿಂದ ಗುಣಿಸಿ ಕೂಡಬೇಕು. 6 ಮತ್ತು 18ರ ಹಂಚಿಕೆಯಲ್ಲಿ ನೇರವಾಗಿ ಕೂಡಿ ಭಾಗಿಸಿದರೂ ಅದೇ ಉತ್ತರ ಬರುತ್ತದೆ, ಏಕೆಂದರೆ ಅಲ್ಲಿ ತೂಕ ತಾನಾಗಿಯೇ ಸರಿಯಾಗಿರುತ್ತದೆ. ಕ್ಷೇತ್ರಕಾರ್ಯ ಮಾಡುವ ಹಲವರು ಪ್ರಮಾಣಾನುಸಾರ ಹಂಚಿಕೆಯನ್ನು ಇಷ್ಟಪಡಲು ಇದೂ ಒಂದು ಕಾರಣ.

ಮೂರನೆಯದು ಸ್ತರಗಳ ಆಯ್ಕೆ. ಈ ಲಾಭ ಬಂದದ್ದು ಎರಡು ಸ್ತರಗಳ ಸರಾಸರಿಗಳ ನಡುವೆ ದೊಡ್ಡ ಅಂತರವಿದ್ದುದರಿಂದ. ನಗರಗಳನ್ನು ಹೆಸರಿನ ಮೊದಲ ಅಕ್ಷರದ ಪ್ರಕಾರ ಎರಡು ಗುಂಪು ಮಾಡಿದ್ದರೆ ಜನಸಂಖ್ಯೆಗೂ ಅಕ್ಷರಕ್ಕೂ ಸಂಬಂಧವಿಲ್ಲದ ಕಾರಣ ಲಾಭವಿರುತ್ತಿರಲಿಲ್ಲ. ವಾಸ್ತವವಾಗಿ ಸ್ತರ ಮಾಡುವುದಕ್ಕೆ ಒಂದು ಸಣ್ಣ ತೆರಿಗೆಯೂ ಇದೆ. ದೊಡ್ಡ ನಗರಗಳ ಸಂಖ್ಯೆಯನ್ನು ನಿಗದಿ ಮಾಡಿದ್ದರಿಂದ 924 ಪೂರ್ತಿಯಾಗಿ ಉಳಿಯಬೇಕಿತ್ತು, ಆದರೆ 1,366ರಿಂದ 460 ಕಳೆದರೆ ಉಳಿಯುವುದು 906. ನಡುವಿನ ಹದಿನೇಳು ಹದಿನೆಂಟು ಆ ತೆರಿಗೆ. ಸ್ತರಗಳ ಸರಾಸರಿಗಳು ಒಂದೇ ಆಗಿದ್ದಿದ್ದರೆ 924ರ ಲಾಭವೇ ಇರುತ್ತಿರಲಿಲ್ಲ, ತೆರಿಗೆ ಮಾತ್ರ ಉಳಿಯುತ್ತಿತ್ತು. ಆಗ ಸ್ತರಮಾದರಿ ಸರಳ ಮಾದರಿಗಿಂತ ಸ್ವಲ್ಪ ಕೆಟ್ಟದ್ದೇ ಆಗುತ್ತದೆ. ಇದೇ ಕಾರಣಕ್ಕೆ, ಜನಸಂಖ್ಯೆಗೆಂದು ಮಾಡಿದ ಸ್ತರಗಳು ಇನ್ನೊಂದು ಪ್ರಶ್ನೆಗೆ, ಉದಾಹರಣೆಗೆ ನಗರದಲ್ಲಿ ಹೆಣ್ಣುಮಕ್ಕಳ ಪ್ರಮಾಣ ಎಷ್ಟು ಎಂಬುದಕ್ಕೆ, ಅಷ್ಟೇ ಲಾಭ ಕೊಡುತ್ತವೆ ಎಂಬ ಖಾತರಿಯಿಲ್ಲ.

ಹಳೆಯ ಅಂಕಿಯನ್ನು ಎಷ್ಟು ನಂಬಬಹುದು?

ಈ ಇಡೀ ಕೆಲಸ ಹತ್ತು ವರ್ಷ ಹಳೆಯ ಪಟ್ಟಿಯ ಮೇಲೆ ನಿಂತಿದೆ. 1920ರಲ್ಲಿ ಸಿಯಾಟಲ್‌ನ ಜನಸಂಖ್ಯೆ 3 ಲಕ್ಷ 15 ಸಾವಿರ, ಇಂಡಿಯಾನಾಪೊಲಿಸ್‌ನದು 3 ಲಕ್ಷ 14 ಸಾವಿರ. ಒಂದು ಸಾವಿರದ ಅಂತರದಲ್ಲಿ ಸಿಯಾಟಲ್ ದೊಡ್ಡವರ ಡಬ್ಬಿಗೆ, ಇಂಡಿಯಾನಾಪೊಲಿಸ್ ಸಣ್ಣವರ ಡಬ್ಬಿಗೆ ಹೋದವು. ಗಡಿಯ ಹತ್ತಿರದ ಇಂಥ ಹೆಚ್ಚುಕಡಿಮೆಯಿಂದ ನಷ್ಟವಾಗುವುದು ಅತ್ಯಲ್ಪ. ಆರಿಸುವ ಮೊದಲೇ ಪ್ರತಿ ನಗರ ಯಾವ ಸ್ತರಕ್ಕೆ ಸೇರಿದ್ದು ಎಂದು ನಿಶ್ಚಯವಾಗಿದ್ದರೆ, ಸ್ತರಗಳ ಗಾತ್ರ ಸರಿಯಾಗಿ ಗೊತ್ತಿದ್ದರೆ, ಅಂದಾಜಿನಲ್ಲಿ ಪಕ್ಷಪಾತ ಬರುವುದಿಲ್ಲ.

ತೊಂದರೆ ಕೊಟ್ಟದ್ದು ಲಾಸ್ ಏಂಜಲೀಸ್. 1920ರಲ್ಲಿ 5 ಲಕ್ಷ 77 ಸಾವಿರವಿದ್ದ ಆ ನಗರ ಹತ್ತು ವರ್ಷಗಳಲ್ಲಿ ಎರಡು ಪಟ್ಟು ಮೀರಿ ಬೆಳೆಯಿತು. 1930ರಲ್ಲಿ ದೊಡ್ಡ ನಗರಗಳ ಸ್ತರದೊಳಗೆ ಕಾಣುವ ಭಿನ್ನತೆಯಲ್ಲಿ ಸುಮಾರು ಅರ್ಧ ಪಾಲು ಅದೊಂದೇ ನಗರದ್ದು. ಆ ಬೆಳವಣಿಗೆ ಮೊದಲೇ ಗೊತ್ತಿದ್ದಿದ್ದರೆ ಲಾಸ್ ಏಂಜಲೀಸನ್ನು ಪ್ರತ್ಯೇಕವಾಗಿಟ್ಟು ಖಂಡಿತವಾಗಿ ಎಣಿಸಬಹುದಿತ್ತು. ಆದರೆ 1920ರ ಪಟ್ಟಿ ಅದನ್ನು ಹೇಳಲಾರದು. ಹೀಗಿದ್ದರೂ ಹಳೆಯ ಅಂಕಿಯಿಂದ ಬಂದ ಹನ್ನೆರಡು ಹನ್ನೆರಡರ ಹಂಚಿಕೆ, 1930ರ ನಿಜವಾದ ಅಂಕಿಗಳಿಂದ ಲೆಕ್ಕ ಹಾಕಿದಾಗ ಬರುವ ಅತ್ಯುತ್ತಮ ಹಂಚಿಕೆಯೇ ಆಗಿ ಪರಿಣಮಿಸಿತು. ಎರಡೂ ಸ್ತರಗಳಲ್ಲಿ ಭಿನ್ನತೆ ಹೆಚ್ಚಿದ್ದರೂ ಅವುಗಳ ಅನುಪಾತ ಹೆಚ್ಚು ಬದಲಾಗಿರಲಿಲ್ಲ. ಹಂಚಿಕೆಗೆ ಬೇಕಾದದ್ದು ಆ ಅನುಪಾತ ಮಾತ್ರ.

ಹಳೆಯ ಅಂಕಿ ಇಲ್ಲದಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಭಾರತದ ಪಾಂಡುರಂಗ ವಾಸುದೇವ ಸುಖಾತ್ಮೆ ಮೊದಲಿಗರು. ಲಂಡನ್ನಿನಲ್ಲಿದ್ದಾಗ 1935ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು, ಒಂದು ಚಿಕ್ಕ ಪೂರ್ವಭಾವಿ ಮಾದರಿ ತೆಗೆದು ಅದರಿಂದ ಸ್ತರಗಳ ಭಿನ್ನತೆಯನ್ನು ಅಂದಾಜು ಮಾಡಿಕೊಂಡು ಹಂಚಿದರೂ ನೇಮನ್ ವಿಧಾನ ಸಾಮಾನ್ಯವಾಗಿ ಪ್ರಮಾಣಾನುಸಾರ ಹಂಚಿಕೆಗಿಂತ ಮೇಲಾಗುತ್ತದೆ ಎಂಬುದನ್ನು ಪರಿಶೀಲಿಸಿದರು. ಮುಂದೆ ಅವರು ಭಾರತದ ಬೆಳೆ ಸಮೀಕ್ಷೆಗಳಲ್ಲಿ, ಆಮೇಲೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ದೊಡ್ಡ ಹೆಸರು ಮಾಡಿದರು.

ಕಾಕ್ರನ್ ಅವರ ಉದಾಹರಣೆಯ ತರ್ಕ ನಮ್ಮ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲೂ ಕಾಣುತ್ತದೆ. ಅದರ ಹಲವು ಸುತ್ತುಗಳಲ್ಲಿ ಜಿಲ್ಲೆಯ ಹಳ್ಳಿಗಳು ಒಂದು ಸ್ತರ, ಪಟ್ಟಣಗಳು ಇನ್ನೊಂದು, ಮತ್ತು 10 ಲಕ್ಷ ದಾಟಿದ ಪ್ರತಿಯೊಂದು ನಗರವೂ ತನ್ನದೇ ಪ್ರತ್ಯೇಕ ಸ್ತರ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಆ ಗಡಿ ದಾಟಿದ್ದು ಬೆಂಗಳೂರು ಒಂದೇ. ಹುಬ್ಬಳ್ಳಿ-ಧಾರವಾಡ 9 ಲಕ್ಷ 43 ಸಾವಿರಕ್ಕೆ ನಿಂತಿತ್ತು. ಬೆಂಗಳೂರನ್ನು ಉಳಿದ ಪಟ್ಟಣಗಳ ಜೊತೆ ಒಂದೇ ಡಬ್ಬಿಗೆ ಹಾಕಿದರೆ ರಾಜ್ಯದ ನಗರ ಭಾಗದ ಯಾವ ಅಂದಾಜಾದರೂ ಅಲ್ಲಿನ ಎಷ್ಟು ಬಡಾವಣೆಗಳು ಮಾದರಿಗೆ ಬಿದ್ದವು ಎಂಬುದರ ಮೇಲೆ ಏರಿಳಿಯುತ್ತದೆ. ಪ್ರತ್ಯೇಕ ಸ್ತರ ಆ ಏರಿಳಿತವನ್ನು ತಡೆಯುತ್ತದೆ.

ಕಾಲೇಜಿನ ಪ್ರಾಜೆಕ್ಟ್‌ಗೋ ಸಂಘಸಂಸ್ಥೆಯ ಸಮೀಕ್ಷೆಗೋ ಮಾದರಿ ಯೋಜಿಸುವವರು ಚೀಟಿ ಎತ್ತುವ ಮೊದಲು ಒಂದು ಸಂಜೆ ಈ ಲೆಕ್ಕಕ್ಕೆ ಕೂರುವುದು ಒಳ್ಳೆಯದು. ಸಿಕ್ಕಿದ ಹಳೆಯ ಅಂಕಿಗಳಿಂದ ಮೂರು ವೇರಿಯನ್ಸ್ ಲೆಕ್ಕ ಹಾಕಿ ಪಕ್ಕಪಕ್ಕ ಬರೆಯಿರಿ: ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿದರೆ ಎಷ್ಟು, ಗಾತ್ರಕ್ಕೆ ತಕ್ಕಂತೆ ಹಂಚಿದರೆ ಎಷ್ಟು, ಭಿನ್ನತೆಗೆ ತಕ್ಕಂತೆ ಹಂಚಿದರೆ ಎಷ್ಟು. ಮೊದಲ ಎರಡರ ನಡುವೆ ಅಂತರ ಕಾಣದಿದ್ದರೆ ಆ ಸ್ತರಗಳನ್ನು ಬಿಟ್ಟು ಬೇರೆ ಗುಣದ ಮೇಲೆ ಸ್ತರ ಮಾಡಿ. ಎರಡನೆಯದಕ್ಕೂ ಮೂರನೆಯದಕ್ಕೂ ದೊಡ್ಡ ಅಂತರವಿದ್ದರೆ ಮೂರನೆಯದನ್ನು ಆರಿಸಿಕೊಳ್ಳಿ, ಮತ್ತು ಪ್ರತಿ ಸ್ತರದ ತೂಕವನ್ನು ವರದಿಯ ಮೊದಲ ಪುಟದಲ್ಲೇ ಬರೆದಿಡಿ.